ಒಂದೇ ಮಾದರಿಯ ಎರಡು ಎಸ್‌ಎಸ್‌ಡಿ, ಒಂದೇ ಸವೆತ: ಸ್ಯಾಮ್‌ಸಂಗ್ 870 ಇವೊ, ದೀರ್ಘ ಬಳಕೆಯ ನಂತರ

ದಾವಣಗೆರೆಯ ನಮ್ಮ ಸ್ಟುಡಿಯೋದಲ್ಲಿ 500 ಜಿಬಿಯ ಎರಡು ಸ್ಯಾಮ್‌ಸಂಗ್ 870 ಇವೊ ಡ್ರೈವ್‌ಗಳು ಮೂರು ವರ್ಷಕ್ಕೂ ಮೇಲ್ಪಟ್ಟು ಕೆಲಸ ಮಾಡುತ್ತಿವೆ. ಒಂದು ಮದುವೆ ವಿಡಿಯೊ ಎಡಿಟಿಂಗ್ ಮಾಡುವ ಕಂಪ್ಯೂಟರ್‌ನಲ್ಲಿದೆ, ಇನ್ನೊಂದು ಬಿಲ್ಲಿಂಗ್ ಮತ್ತು ಆರ್ಡರ್‌ಗಳ ಡೇಟಾಬೇಸ್ ಇರುವ, ಹಗಲು ರಾತ್ರಿ ಚಾಲೂ ಇರುವ ಲಿನಕ್ಸ್ ಯಂತ್ರದಲ್ಲಿದೆ. ಇವುಗಳ ವೇಗದ ಬಗ್ಗೆ ಸಾಕಷ್ಟು ಜನ ಬರೆದಿದ್ದಾರೆ, ನನಗೂ ಅದರಲ್ಲಿ ದೂರಿಲ್ಲ. ನಾನು ಬರೆಯಹೊರಟಿರುವುದು ಈ ಡ್ರೈವ್ ತನ್ನ ಆಯಸ್ಸಿನ ಲೆಕ್ಕವನ್ನು ತಾನೇ ಎಷ್ಟು ಸ್ಪಷ್ಟವಾಗಿ ಕೊಡುತ್ತದೆ ಎಂಬುದರ ಬಗ್ಗೆ. ಕೊಳ್ಳುವಾಗ ನಾನು ಎಣಿಸಿರದ ಗುಣ ಅದು, ಈಗ ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾಗಿರುವುದೂ ಅದೇ.

ಪ್ರತಿ ತಿಂಗಳ ಮೊದಲ ದಿನ, ಅಂಗಡಿಯ ದೇವರ ಪಟಕ್ಕೆ ಊದುಬತ್ತಿ ಹಚ್ಚಿ, ಗಿರಾಕಿಗಳು ಬರುವ ಮೊದಲು ಎರಡೂ ಯಂತ್ರಗಳಲ್ಲಿ `sudo smartctl -A /dev/sda` ಓಡಿಸುತ್ತೇನೆ. ತೆರೆಯ ಮೇಲೆ ಬರುವ ಉದ್ದನೆಯ ಪಟ್ಟಿಯಲ್ಲಿ ನಾನು ನೋಡುವುದು ಮುಖ್ಯವಾಗಿ ಎರಡು ಸಾಲು, ಅವುಗಳನ್ನು ಜಮಾಖರ್ಚಿನ ಪುಸ್ತಕದ ಕೊನೆಯ ಹಾಳೆಯಲ್ಲಿ ತಾರೀಖಿನೊಂದಿಗೆ ಬರೆದಿಡುತ್ತೇನೆ. 177ನೆಯ ಸಾಲು ಸವೆತವನ್ನು ಹೇಳುತ್ತದೆ, 241ನೆಯದು ಕಂಪ್ಯೂಟರ್ ಈವರೆಗೆ ಬರೆದ ಒಟ್ಟು ಡೇಟಾವನ್ನು ಹೇಳುತ್ತದೆ. ಕಳೆದ ದೀಪಾವಳಿಯ ಹೊತ್ತಿಗೆ ಅವು ಹೀಗಿದ್ದವು. ಮೊದಲ ಜೋಡಿ ಎಡಿಟಿಂಗ್ ಯಂತ್ರದ್ದು, ಎರಡನೆಯದು ಬಿಲ್ಲಿಂಗ್ ಯಂತ್ರದ್ದು:

```
177 Wear_Leveling_Count   094   118
241 Total_LBAs_Written    099   101897214336

177 Wear_Leveling_Count   094   112
241 Total_LBAs_Written    099   17842316944
```

241ರ ಸಂಖ್ಯೆಯನ್ನು ಈ ಡ್ರೈವ್‌ನಲ್ಲಿ 512ರಿಂದ ಗುಣಿಸಿದರೆ ಬೈಟ್‌ಗಳು ಸಿಗುತ್ತವೆ. ಎಡಿಟಿಂಗ್ ಯಂತ್ರ ಬರೆದದ್ದು ಸುಮಾರು 52 ಟಿಬಿ, ಬಿಲ್ಲಿಂಗ್ ಯಂತ್ರ ಬರೆದದ್ದು ಕೇವಲ 9.1 ಟಿಬಿ. ಕಂಪನಿಯ ವಾರಂಟಿ ಐದು ವರ್ಷ ಅಥವಾ 300 ಟಿಬಿ, ಇವೆರಡರಲ್ಲಿ ಯಾವುದು ಮೊದಲೋ ಅಲ್ಲಿಯವರೆಗೆ. ಟಿಬಿಡಬ್ಲ್ಯೂ ಎನ್ನುವ, ಬರೆದ ಒಟ್ಟು ಟಿಬಿಯ ಈ ಲೆಕ್ಕವೊಂದನ್ನೇ ಹಿಡಿದರೆ ಮೊದಲನೆಯದು ಆರನೇ ಒಂದು ಭಾಗದಷ್ಟು ಖರ್ಚಾಗಿದೆ, ಎರಡನೆಯದು ನೂರಕ್ಕೆ ಮೂರರಷ್ಟು ಮಾತ್ರ. ಆದರೆ 177ನೆಯ ಸಾಲು ಎರಡರಲ್ಲೂ 094 ಎನ್ನುತ್ತಿದೆ. ಹೊಸತರಲ್ಲಿ 100 ಇದ್ದು ಸವೆದಂತೆ ಇಳಿಯುವ ಅಂಕಿ ಅದು. ಅಂದರೆ ಆರು ಪಟ್ಟು ಕಡಿಮೆ ಬರೆದ ಡ್ರೈವ್ ಹೆಚ್ಚುಕಡಿಮೆ ಅಷ್ಟೇ ಸವೆದಿತ್ತು. ಇದನ್ನು ಕಂಡ ದಿನ ನನಗೆ ನಿಜಕ್ಕೂ ಬೇಸರವಾಯಿತು, ಎರಡನೆಯ ಡ್ರೈವ್ ದೋಷಪೂರಿತವೇನೋ ಎಂಬ ಅನುಮಾನವೂ ಬಂತು.

ಅದೇ ಸಾಲಿನ ಕೊನೆಯ ಸಂಖ್ಯೆ ಆ ಅನುಮಾನವನ್ನು ಬಿಡಿಸುತ್ತದೆ. 118 ಮತ್ತು 112 ಎಂಬುವು ಒಳಗಿನ ಫ್ಲ್ಯಾಶ್ ಸರಾಸರಿ ಎಷ್ಟು ಬಾರಿ ಅಳಿಸಿ ಬರೆಯಲ್ಪಟ್ಟಿದೆ ಎಂಬ ಎಣಿಕೆಗಳು. ಕಂಪ್ಯೂಟರ್ ಕೊಟ್ಟಷ್ಟನ್ನೇ ಡ್ರೈವ್ ಬರೆದಿದ್ದರೆ 52 ಟಿಬಿಯನ್ನು ಅರ್ಧ ಟಿಬಿಯಿಂದ ಭಾಗಿಸಿ 104 ಬರಬೇಕಿತ್ತು. ಬಂದದ್ದು 118, ಅಂದರೆ ಒಂದಕ್ಕೆ 1.13. ಬಿಲ್ಲಿಂಗ್ ಡ್ರೈವ್‌ನಲ್ಲಿ 18 ಬರಬೇಕಾದ ಕಡೆ 112 ಬಂದಿದೆ, ಅಂದರೆ ಒಂದಕ್ಕೆ ಆರಕ್ಕೂ ಹೆಚ್ಚು. ಫ್ಲ್ಯಾಶ್ ಚಿಪ್‌ಗಳ ನಿಜವಾದ ಅಳತೆ 500 ಜಿಬಿಗಿಂತ ಸ್ವಲ್ಪ ಹೆಚ್ಚಿರುವುದರಿಂದ ಈ ಅನುಪಾತ ಅಂದಾಜಿನದು, ವಾಸ್ತವದ್ದು ಇನ್ನೂ ತುಸು ಮೇಲೆಯೇ ಇರುತ್ತದೆ.

ಹೀಗೇಕಾಗುತ್ತದೆ ಎಂದರೆ, ಫ್ಲ್ಯಾಶ್‌ನಲ್ಲಿ ಪುಟಪುಟವಾಗಿ ಬರೆಯಬಹುದಾದರೂ ಅಳಿಸುವುದು ನೂರಾರು ಪುಟಗಳ ಒಂದು ಬ್ಲಾಕ್ ಆಗಿಯೇ. ವಿಡಿಯೊ ಫೈಲ್ ಉದ್ದಕ್ಕೆ ಒಂದೇ ಸಮನೆ ಬರೆಯಲ್ಪಟ್ಟು ಉದ್ದಕ್ಕೇ ಅಳಿಸಲ್ಪಡುವುದರಿಂದ ಬ್ಲಾಕ್‌ಗಳು ಪೂರ್ತಿಯಾಗಿ ಖಾಲಿಯಾಗುತ್ತವೆ. ಡೇಟಾಬೇಸ್ ಪ್ರತಿ ರಸೀದಿಗೂ ಅಲ್ಲೊಂದು ಇಲ್ಲೊಂದು ಸಣ್ಣ ತುಂಡು ಬರೆದು, ಅದು ಡಿಸ್ಕ್ ಮುಟ್ಟುವವರೆಗೆ ಕಾಯುತ್ತದೆ. ಆಗ ಬ್ಲಾಕ್‌ಗಳಲ್ಲಿ ಹಳೆಯದು ಹೊಸದು ಬೆರೆತು, ಒಂದನ್ನು ಖಾಲಿ ಮಾಡಬೇಕಾದರೆ ಬದುಕಿರುವ ಪುಟಗಳನ್ನೆಲ್ಲ ಡ್ರೈವ್ ಬೇರೆಡೆಗೆ ನಕಲು ಮಾಡಬೇಕಾಗುತ್ತದೆ. ಆ ನಕಲು 241ರಲ್ಲಿ ಸೇರುವುದಿಲ್ಲ, 177ರಲ್ಲಿ ಮಾತ್ರ ಕಾಣುತ್ತದೆ.

ನಮ್ಮಲ್ಲಿ ಇದಕ್ಕೆ ಎರಡು ಕಾರಣಗಳು ಸೇರಿಕೊಂಡಿದ್ದವು. ಆಲ್ಬಮ್ ಪ್ರೂಫ್‌ಗಳೂ ಬಿಲ್ಲಿಂಗ್ ಯಂತ್ರದಲ್ಲೇ ಇದ್ದುದರಿಂದ ಅದರ ಡ್ರೈವ್ ಹತ್ತರಲ್ಲಿ ಒಂಬತ್ತು ಪಾಲು ತುಂಬಿತ್ತು. ಜೊತೆಗೆ ಗಿರಾಕಿಗಳ ವಿವರ ಇರುವ ಕಾರಣ ಡಿಸ್ಕ್ ಅನ್ನು ಎನ್‌ಕ್ರಿಪ್ಟ್ ಮಾಡಲಾಗಿತ್ತು, ಆ ಪದರ ಟ್ರಿಮ್ ಆಜ್ಞೆಯನ್ನು ಕೆಳಗೆ ಬಿಡುತ್ತಿರಲಿಲ್ಲ. ಟ್ರಿಮ್ ತಲುಪದಿದ್ದರೆ, ನಾವು ಅಳಿಸಿದ ಫೈಲ್‌ಗಳನ್ನೂ ಡ್ರೈವ್ ಬೇಕಾದವೆಂದೇ ತಿಳಿದು ಹೊತ್ತು ತಿರುಗುತ್ತದೆ. ಇದನ್ನು ಕಂಡುಹಿಡಿಯುವುದು ಸುಲಭ: `lsblk --discard` ಓಡಿಸಿದಾಗ ಎನ್‌ಕ್ರಿಪ್ಟ್ ಆದ ಪದರದ ಸಾಲಿನಲ್ಲಿ `DISC-GRAN` ಕೆಳಗೆ `0B` ಎಂದಿದ್ದರೆ ಟ್ರಿಮ್ ಅಲ್ಲಿಗೇ ನಿಂತಿದೆ ಎಂದರ್ಥ. `/etc/crypttab` ನಲ್ಲಿ ಆ ಡಿಸ್ಕ್‌ನ ಸಾಲಿಗೆ `discard` ಸೇರಿಸಿ, ಯಂತ್ರವನ್ನು ಮತ್ತೆ ಚಾಲೂ ಮಾಡಿ, `sudo fstrim -av` ಓಡಿಸಿದೆ. ಹೀಗೆ ಮಾಡಿದರೆ ಡಿಸ್ಕ್‌ನ ಯಾವ ಭಾಗ ಖಾಲಿ ಇದೆ ಎಂಬುದು ಹೊರಗಿನವರಿಗೆ ತಿಳಿಯಬಹುದು. ನಮ್ಮ ಬಿಲ್ಲುಗಳ ಮಟ್ಟಿಗೆ ಅದನ್ನು ಒಪ್ಪಿಕೊಂಡೆ. ಪ್ರೂಫ್‌ಗಳನ್ನು ಹಾರ್ಡ್ ಡಿಸ್ಕ್‌ಗೆ ಸಾಗಿಸಿ ಕಾಲು ಭಾಗ ಜಾಗವನ್ನು ಖಾಲಿ ಬಿಟ್ಟೆ.

ಅದಾದ ಮೇಲೆ ಮುಂದಿನ ಒಂದು ಟಿಬಿ ಬರೆಯುವಷ್ಟರಲ್ಲಿ 177ರ ಎಣಿಕೆ 112ರಿಂದ 117ಕ್ಕೆ ಮಾತ್ರ ಏರಿತು. ಒಂದು ಟಿಬಿಗೆ ಅಳಿಸಿ ಬರೆಯುವ ಎರಡು ಸುತ್ತು ಅನಿವಾರ್ಯ, ಐದು ಆಗಿದೆ. ಅಂದರೆ ಆರು ಪಟ್ಟು ಇದ್ದದ್ದು ಎರಡೂವರೆ ಪಟ್ಟಿಗೆ ಇಳಿಯಿತು. ಡ್ರೈವ್ ಮೇಲಿದ್ದ ನನ್ನ ಅಸಮಾಧಾನ ಆ ಹಾಳೆ ನೋಡಿದಾಗ ಪೂರ್ತಿ ಕರಗಿತು, ಏಕೆಂದರೆ ರೋಗವನ್ನೂ ಅದರ ಗುಣವಾಗುವಿಕೆಯನ್ನೂ ತೋರಿಸಿದ್ದು ಅದರದೇ ಅಂಕಿಗಳು.

ಆಯಸ್ಸಿನ ಲೆಕ್ಕ ಹಾಕುವುದಾದರೆ, ಎರಡರಲ್ಲೂ ಆರು ಅಂಕ ಇಳಿಯಲು ಸುಮಾರು 115 ಸುತ್ತು ಹಿಡಿದಿವೆ, ಹಾಗಾಗಿ ತಳ ಮುಟ್ಟುವುದು 1900 ಸುತ್ತಿನ ಆಸುಪಾಸಿನಲ್ಲಿ. ಎಡಿಟಿಂಗ್ ಡ್ರೈವ್ ಈ ರೀತಿಯಲ್ಲೇ ಸಾಗಿದರೆ ಅಷ್ಟರಲ್ಲಿ 800 ಟಿಬಿ ದಾಟಿರುತ್ತದೆ. ಬಿಲ್ಲಿಂಗ್ ಡ್ರೈವ್ ಹಳೆಯ ರೀತಿಯಲ್ಲೇ ಸಾಗಿದ್ದರೆ 155 ಟಿಬಿಗೇ, ಅಂದರೆ ವಾರಂಟಿಯ 300ರ ಅರ್ಧದಲ್ಲೇ, ಸವೆದು ಹೋಗುತ್ತಿತ್ತು. ಎನ್‌ವಿಎಂಇ ಡ್ರೈವ್ ಇರುವವರು `Data Units Written` ಸಂಖ್ಯೆಯನ್ನು 512000ದಿಂದ ಗುಣಿಸಿ, `Percentage Used` ಜೊತೆ ಹೀಗೆಯೇ ಹೋಲಿಸಬಹುದು. ಅಲ್ಲಿ ಅಂಕಿ ಸೊನ್ನೆಯಿಂದ ಮೇಲಕ್ಕೆ ಏರುತ್ತದೆ, 100 ದಾಟಿದರೂ ಡ್ರೈವ್ ತಕ್ಷಣ ನಿಲ್ಲುವುದಿಲ್ಲ. ಬೇರೆ ಕಂಪನಿಗಳ ಸಾಟಾ ಡ್ರೈವ್‌ಗಳಲ್ಲಿ 241ರ ಏಕಮಾನ ಗಿಗಾಬೈಟ್ ಆಗಿರಬಹುದು, 32 ಮೆಗಾಬೈಟ್‌ನ ತುಂಡೂ ಆಗಿರಬಹುದು. ಗಾತ್ರ ಗೊತ್ತಿರುವ ಒಂದು ದೊಡ್ಡ ಫೈಲ್ ನಕಲು ಮಾಡಿ ಅಂಕಿ ಎಷ್ಟು ಏರಿತೆಂದು ನೋಡಿದರೆ ಏಕಮಾನ ತಿಳಿಯುತ್ತದೆ.

ಕಂಟ್ರೋಲರ್ ಏಕಾಏಕಿ ಸುಟ್ಟುಹೋಗುವುದನ್ನು ಈ ಯಾವ ಅಂಕಿಯೂ ಮುಂಚೆ ಹೇಳುವುದಿಲ್ಲ. ಅದಕ್ಕಾಗಿ ಮದುವೆಯ ಮೂಲ ಫೈಲ್‌ಗಳು ಎರಡು ಹಾರ್ಡ್ ಡಿಸ್ಕ್‌ಗಳಲ್ಲಿರುತ್ತವೆ. ಪೂರ್ತಿ ಸವೆದ ಎಸ್‌ಎಸ್‌ಡಿಯನ್ನು ಬೀರುವಿನಲ್ಲಿ ಇಟ್ಟು ಮರೆಯುವುದೂ ಸಲ್ಲ: ಆಯಸ್ಸು ಮುಗಿದ ಗ್ರಾಹಕ ಡ್ರೈವ್ ವಿದ್ಯುತ್ ಇಲ್ಲದೆ 30 ಡಿಗ್ರಿಯಲ್ಲಿ ಒಂದು ವರ್ಷ ಡೇಟಾ ಉಳಿಸಿಕೊಳ್ಳಬೇಕು ಎಂಬುದಷ್ಟೇ ಚಿಪ್ ಉದ್ಯಮದ ಸಂಸ್ಥೆ ಜೆಡೆಕ್‌ನ ಮಾನದಂಡ, ನಮ್ಮೂರಿನ ಬೇಸಿಗೆ ಅದಕ್ಕಿಂತ ಬಿಸಿ.

ಈ ವರ್ಷ ಎರಡೂ ಡ್ರೈವ್ ಬದಲಿಸಲು ತೆಗೆದಿಟ್ಟಿದ್ದ ಹಣದಲ್ಲಿ ಯುಪಿಎಸ್ ಬ್ಯಾಟರಿ ಹಾಕಿಸಿದೆ. 177ರ ಅಂಕಿ 20ಕ್ಕೆ ಇಳಿದ ದಿನ, ಅಥವಾ ಅದಕ್ಕೂ ಮೊದಲೇ 5ನೆಯ ಸಾಲಿನ `Reallocated_Sector_Ct` ಸೊನ್ನೆ ಬಿಟ್ಟು ಏರತೊಡಗಿದ ದಿನ, ಇದೇ ಮಾದರಿಯ ಹೊಸ ಡ್ರೈವ್ ತರುತ್ತೇನೆ. ಬಿಲ್ಲಿಂಗ್ ಯಂತ್ರಕ್ಕೆ ಮಾತ್ರ ಆಗ 1 ಟಿಬಿಯದನ್ನು ಕೊಳ್ಳುವ ಯೋಚನೆಯಿದೆ. ಖಾಲಿ ಜಾಗ ಹೆಚ್ಚಿದ್ದಷ್ಟೂ ಒಳಗಿನ ನಕಲು ಕಡಿಮೆಯಾಗುತ್ತದೆ.