ಮೂರು ಇಂಟರ್ನ್‌ಶಿಪ್, ಒಂದು ಇನ್‌ಸ್ಪೆಕ್ಷನ್ ಕೆಲಸ

ತುಮಕೂರಿನ ವಸಂತನರಸಾಪುರದಲ್ಲಿರುವ ನಮ್ಮ ಸಣ್ಣ ಮಷಿನ್ ಶಾಪ್‌ಗೆ ಇನ್‌ಸ್ಪೆಕ್ಷನ್ ನೋಡಿಕೊಳ್ಳಲು ಒಬ್ಬ ಫ್ರೆಶರ್ ಬೇಕಿತ್ತು. ಕೊನೆಗೆ ಮೂರು ರೆಸ್ಯೂಮ್ ಉಳಿದವು. ಅಂತರಸನಹಳ್ಳಿಯ ವರ್ಕ್‌ಶಾಪೊಂದರಲ್ಲಿ ಮೂರು ತಿಂಗಳು ದುಡಿದಿದ್ದ ಶಿರಾದ ಹುಡುಗಿಯನ್ನು ತಗೊಂಡೆವು. ಮುಂದಿನ ಸಲವೂ ಅಂಥ ರೆಸ್ಯೂಮನ್ನೇ ಮೊದಲು ಎತ್ತಿಕೊಳ್ಳುತ್ತೇನೆ.

ಒಬ್ಬನದು ದುಡ್ಡು ಕಟ್ಟಿ ಮಾಡಿದ ಆನ್‌ಲೈನ್ ಇಂಟರ್ನ್‌ಶಿಪ್. ವಿಡಿಯೊ ನೋಡಿ ಕ್ವಿಜ್ ಬರೆದಿದ್ದ. ಅದು ಕೋರ್ಸ್, ಅಷ್ಟೇ.

ಇನ್ನೊಬ್ಬನದು ದೊಡ್ಡ ಫ್ಯಾಕ್ಟರಿ, ನಾಲ್ಕು ವಾರ. ಟರ್ನಿಂಗ್, ಕ್ವಾಲಿಟಿ, ಅಸೆಂಬ್ಲಿ, ಸ್ಟೋರ್ಸ್ ಅಂತ ನಾಲ್ಕು ವಿಭಾಗ ಬರೆದಿದ್ದ. ವಿಭಾಗಕ್ಕೆ ಒಂದು ವಾರ ಅಂದರೆ ನೋಡಿರುತ್ತಾನೆ, ಮಾಡಿರುವುದಿಲ್ಲ. 20 ಮಿ.ಮೀ. ವ್ಯಾಸಕ್ಕೆ ಎಚ್7 ಟಾಲರೆನ್ಸಿನಲ್ಲಿ ಕೊರೆದ ರಂಧ್ರ, ಅಂದರೆ 20 ಎಚ್7 ಬೋರ್, ಹೇಗೆ ಅಳೆದಿರಿ ಅಂತ ಕೇಳಿದೆ. ‘ವರ್ನಿಯರ್‌ನಲ್ಲಿ ಸರ್’ ಅಂದ. ಅಲ್ಲಿಗೆ ಗೊತ್ತಾಯಿತು. ಆ ಬೋರ್‌ಗೆ ಇರುವ ಟಾಲರೆನ್ಸೇ 0.021 ಮಿ.ಮೀ. ಮಾಮೂಲಿ ವರ್ನಿಯರ್‌ನ ಲೀಸ್ಟ್ ಕೌಂಟ್ 0.02. ಪ್ಲಗ್ ಗೇಜೋ ಬೋರ್ ಗೇಜೋ ಕೈಯಲ್ಲಿ ಹಿಡಿದವರು ಹಾಗೆ ಹೇಳುವುದಿಲ್ಲ.

ಹುಡುಗಿಯ ರೆಸ್ಯೂಮ್‌ನಲ್ಲೂ ನನಗೆ ಕಿರಿಕಿರಿ ಮಾಡುವ ಸಾಲೊಂದಿತ್ತು: ‘ರಿಜೆಕ್ಷನ್ 8%ನಿಂದ 3%ಗೆ ಇಳಿಸಿದ್ದೇನೆ.’ ಈಗೀಗ ಎಲ್ಲರ ರೆಸ್ಯೂಮ್‌ನಲ್ಲೂ ಇಂಥ ಶೇಕಡಾ ಲೆಕ್ಕ ಇರುತ್ತೆ. ಎಷ್ಟರಲ್ಲಿ ಎಷ್ಟು ಅಂತ ಕೇಳಿದರೆ ಬಹಳ ಜನ ಮೇಲೆ ಕೆಳಗೆ ನೋಡುತ್ತಾರೆ. ಇವಳು ತಕ್ಷಣ ಹೇಳಿದಳು: 200 ಬುಷ್‌ಗಳ ಲಾಟ್‌ನಲ್ಲಿ 16, ಮುಂದಿನ ಲಾಟ್‌ನಲ್ಲಿ 6. ಇವಳು ಪ್ರತಿ ಪೀಸಿನ ನಂಬರ್ ಬರೆದಿಡುತ್ತಿದ್ದಳಂತೆ. ಪ್ರತಿ ಸಲ ಹೊಸ ಇನ್ಸರ್ಟ್ ಹಾಕಿ ಸುಮಾರು ನಲವತ್ತು ಪೀಸ್ ಆದಮೇಲೆ, ಸರಿಯಾದ ಬೋರ್‌ನಲ್ಲಿ ಹೋಗಲೇಬೇಕಾದ ಗೇಜಿನ ಗೋ ಕಡೆ ಒಳಗೆ ಹೋಗುತ್ತಿರಲಿಲ್ಲ. ಕೊರೆಯುವ ಟೂಲಿನ ತುದಿಯಾದ ಇನ್ಸರ್ಟ್ ಸವೆದರೆ ಬೋರ್ ಸಣ್ಣದಾಗುತ್ತದೆ, ಅದೇ ಕಾರಣ. ಆಮೇಲೆ ಮೂವತ್ತು ಪೀಸಿಗೊಮ್ಮೆ, ಆ ಸವೆತ ಸರಿದೂಗಿಸಲು ಮಷಿನ್‌ನಲ್ಲಿ ಟೂಲಿನ ಆಫ್‌ಸೆಟ್ ಸರಿಮಾಡಿದರು.

‘ಆಫ್‌ಸೆಟ್ ಕೊಟ್ಟವರು ಯಾರಮ್ಮ?’

‘ಆಪರೇಟರ್ ಅಣ್ಣ ಸರ್. ನಾನು ಬರೆದು ತೋರಿಸಿದ್ದು ಅಷ್ಟೇ.’

‘ಸಣ್ಣದಾದ ಬೋರನ್ನ ಮತ್ತೆ ಕೊರೀಬಹುದು. ಅದು ರಿವರ್ಕ್ ಅಲ್ವಾ?’

ಒಂದು ಕ್ಷಣ ಯೋಚಿಸಿ, ‘ಹೌದು ಸರ್, 16ರಲ್ಲಿ ಜಾಸ್ತಿ ರಿವರ್ಕೇ ಆದವು’ ಅಂದಳು.

ಹಾಗಾಗಿ ರೆಸ್ಯೂಮ್‌ನ ಸಾಲು ಪೂರ್ತಿ ಸರಿಯಿರಲಿಲ್ಲ, ಇಳಿಸಿದ್ದೂ ಇವಳೊಬ್ಬಳೇ ಅಲ್ಲ. ಎರಡೇ ಲಾಟ್ ನೋಡಿ 3% ಕೊನೆತನಕ ನಿಂತಿತು ಅಂತಲೂ ಹೇಳಲಾಗದು. ಆದರೆ ಯಾವ ಪೀಸಿನಿಂದ ತಪ್ಪು ಶುರುವಾಯಿತು ಅಂತ ಹಿಡಿಯಲು ಬರುತ್ತೆ, ತನ್ನ ಪಾಲು ಎಷ್ಟು ಅಂತ ಗೊತ್ತಿದೆ. ನಾನು ಸಂಬಳ ಕೊಡುವುದು ಅದಕ್ಕೇ.

ಅವಧಿ ಮುಖ್ಯವಾಗುವುದೂ ಇಲ್ಲೇ. ಲಾಟ್ ಕೆಟ್ಟು, ಕಾರಣ ಸಿಕ್ಕಿ, ಮುಂದಿನ ಲಾಟ್ ಬರುವಷ್ಟರಲ್ಲಿ ನಾಲ್ಕು ವಾರ ಮುಗಿದಿರುತ್ತೆ. ಹಾಗಂತ ಆರು ತಿಂಗಳು ಬರೀ ರಿಪೋರ್ಟ್ ಟೈಪ್ ಮಾಡಿದ್ದರೆ ಅದೂ ಉಪಯೋಗಕ್ಕಿಲ್ಲ.

ಟ್ರೈನಿಂಗ್ ವಿಭಾಗ ಇರುವ ಕಂಪನಿಯವರಿಗೆ ಆ ದೊಡ್ಡ ಫ್ಯಾಕ್ಟರಿಯ ಹುಡುಗನೇ ಸಾಕಾಗಬಹುದು. ಸೇಫ್ಟಿ ನಿಯಮ, ದಾಖಲೆ ಇಡುವುದು ಅವನಿಗೆ ಚೆನ್ನಾಗಿ ಗೊತ್ತಿತ್ತು. ನಮ್ಮಲ್ಲಿ ಕಲಿಸಲು ಬಿಡುವಿರುವ ಮನುಷ್ಯರಿಲ್ಲ. ಸೇರಿದ ವಾರವೇ ಗೇಜ್ ಹಿಡಿದು ನಿಲ್ಲಬೇಕು.