ಜಿ6ಪಿಡಿ ಪರೀಕ್ಷೆ: ಸ್ಪಾಟ್ ಟೆಸ್ಟೋ, ಅಳತೆಯ ಟೆಸ್ಟೋ?

ಮಂಗಳೂರಿನ ಕಡೆಯವರಿಗೆ ವೈವಾಕ್ಸ್ ಮಲೇರಿಯಾ ಹೊಸದಲ್ಲ. ಅದು ಮರುಕಳಿಸದಿರಲು ಪ್ರೈಮಾಕ್ವಿನ್ ಕೊಡುತ್ತಾರೆ. ಕೆಂಪು ರಕ್ತಕಣದಲ್ಲಿ ಜಿ6ಪಿಡಿ ಕಿಣ್ವ ಕಡಿಮೆಯಿದ್ದವರಿಗೆ ಈ ಮಾತ್ರೆಯಿಂದಲೇ ಕಣಗಳು ಒಡೆಯುತ್ತವೆ.

ಈ ಕೊರತೆ ಹಿಡಿಯುವ ಪರೀಕ್ಷೆಗಳಲ್ಲಿ ಸ್ಪಾಟ್ ಟೆಸ್ಟ್ ಅಗ್ಗ. ಹನಿ ರಕ್ತವನ್ನು ರಾಸಾಯನಿಕದೊಡನೆ ಬೆರೆಸಿ, ಕಾಗದದ ಮೇಲಿಟ್ಟು ನೇರಳಾತೀತ ಬೆಳಕಿನಲ್ಲಿ ನೋಡುತ್ತಾರೆ. ಹೊಳೆದರೆ ಕಿಣ್ವ ಇದೆ. ಈ ಕಿಣ್ವದ ಜೀನ್ ಇರುವ ಎಕ್ಸ್ ಕ್ರೋಮೋಸೋಮ್ ಗಂಡಸರಿಗೆ ಒಂದೇ, ಹಾಗಾಗಿ ಉತ್ತರ ಸಾಮಾನ್ಯವಾಗಿ ಸ್ಪಷ್ಟ. ಹೆಂಗಸರಲ್ಲಿ ಎರಡು ಎಕ್ಸ್ ಇರುವುದರಿಂದ ಕಿಣ್ವ ಸರಿಯಿರುವ ಮತ್ತು ಕಡಿಮೆಯಿರುವ ಕಣಗಳು ಬೆರೆತಿರಬಹುದು. ಕಿಣ್ವ ಸಾಮಾನ್ಯ ಮಟ್ಟದ 30ರಿಂದ 70 ಶೇಕಡಾ ಇದ್ದರೂ ಹನಿ ಹೊಳೆದುಬಿಡುತ್ತದೆ. ಅವರಿಗೆ, ಮತ್ತು ಮರುಕಳಿಕೆ ತಡೆಯುವ ಇನ್ನೊಂದು ಔಷಧಿ, ಕಿಣ್ವ 70 ಶೇಕಡಾ ದಾಟಿರಲೇಬೇಕಾದ ಟಾಫೆನೋಕ್ವಿನ್‌ಗೆ, ನಾನು ಆರಿಸುವುದು ಅಳತೆಯ ಟೆಸ್ಟನ್ನೇ. ಅದು ಪ್ರತಿ ಗ್ರಾಂ ಹಿಮೋಗ್ಲೋಬಿನ್‌ಗೆ ಎಷ್ಟು ಯೂನಿಟ್ ಎಂದು ಹೇಳುತ್ತದೆ.

ಆದರೆ ರಕ್ತಕಣ ಒಡೆಯುತ್ತಿರುವಾಗ ಎರಡೂ ಮೋಸಮಾಡುತ್ತವೆ. ಹೀಗೆಂದುಕೊಳ್ಳಿ: ಮಾತ್ರೆ ಶುರುವಾದ ಐದನೇ ದಿನ ಯುವಕನೊಬ್ಬನ ಮೂತ್ರ ಕೋಲಾ ಬಣ್ಣಕ್ಕೆ ತಿರುಗಿದೆ, ಹಿಮೋಗ್ಲೋಬಿನ್ 7, ಎಳೆಯ ಕೆಂಪು ಕಣಗಳಾದ ರೆಟಿಕ್ಯುಲೋಸೈಟ್ 12 ಶೇಕಡಾ. ಜಿ6ಪಿಡಿ ವರದಿ ಮಾತ್ರ ‘ನಾರ್ಮಲ್’! ಕಿಣ್ವ ಸವೆದ ಮುದಿ ಕಣಗಳು ಆಗಲೇ ಸತ್ತಿವೆ. ಅಳತೆಗೆ ಸಿಕ್ಕಿದ್ದು ಕಿಣ್ವ ಹೆಚ್ಚಿರುವ ಎಳೆಯ ಕಣಗಳು. ರಕ್ತ ಕೊಟ್ಟಿದ್ದರಂತೂ ದಾನಿಯ ಕಣಗಳೂ ಸೇರಿಕೊಳ್ಳುತ್ತವೆ. ಕಡಿಮೆ ಬಂದರೆ ನಂಬಬಹುದು, ನಾರ್ಮಲ್ ಬಂದರೆ ನಂಬಬಾರದು. ಮಾತ್ರೆ ನಿಲ್ಲಿಸಿ, ಸುಮಾರು ಮೂರು ತಿಂಗಳ ನಂತರ ಅಳತೆಯ ಟೆಸ್ಟ್ ಮತ್ತೆ ಮಾಡಿಸಬೇಕು. ಅಷ್ಟು ಕಾಯಲಾಗದಿದ್ದರೆ ಜೀನ್ ಪರೀಕ್ಷೆಯಿದೆ. ಅದೂ ತಾನು ಹುಡುಕುವ ರೂಪಾಂತರಗಳನ್ನಷ್ಟೇ ಹಿಡಿಯುತ್ತದೆ.