ಮೂರು ವರ್ಷ ಗೂಗಲ್ ಫಾರ್ಮ್ಸ್ ಬಳಸಿದ ಮೇಲೆ: ಸಿಎ ಆಫೀಸಿನ ಉಚಿತ ಚೆಕ್‌ಲಿಸ್ಟ್ ಮತ್ತು ಇಮೇಲ್

ನಾನು ಮೈಸೂರಿನಲ್ಲಿ ಸಣ್ಣ ಆಫೀಸು ಇಟ್ಟುಕೊಂಡಿರುವ ಸಿಎ. ನಾನು, ಇಬ್ಬರು ಆರ್ಟಿಕಲ್ಸ್ ಹುಡುಗರು, ಒಬ್ಬ ಅಕೌಂಟೆಂಟ್, ಅಷ್ಟೇ. ಮೂರು ವರ್ಷದಿಂದ ಗೂಗಲ್ ಫಾರ್ಮ್ಸ್ ಇಟ್ಟುಕೊಂಡು ಜನರಿಗೆ ಉಚಿತ ಚೆಕ್‌ಲಿಸ್ಟ್ ಕೊಡುತ್ತಿದ್ದೇವೆ, ಬೇಕಾದವರಿಂದ ಇಮೇಲ್ ತೆಗೆದುಕೊಳ್ಳುತ್ತಿದ್ದೇವೆ. ಇದೇ ಯೋಚನೆಯಲ್ಲಿರುವ ಸಿಎ ಗೆಳೆಯರಿಗೆ ಉಪಯೋಗವಾಗಲಿ ಅಂತ ಬರೆಯುತ್ತಿದ್ದೇನೆ. ಐದಕ್ಕೆ ನಾಲ್ಕು ಸ್ಟಾರ್ ಕೊಡುತ್ತೇನೆ. ಒಂದು ಸ್ಟಾರ್ ಯಾಕೆ ಕಡಿಮೆ ಅಂತ ಆಮೇಲೆ ಹೇಳುತ್ತೇನೆ.

ಬೇರೆ ವ್ಯಾಪಾರದವರ ಹಾಗೆ ನಾವು ಇಮೇಲ್ ಪಟ್ಟಿ ಕಟ್ಟುವಂತಿಲ್ಲ. 1949ರ ಚಾರ್ಟರ್ಡ್ ಅಕೌಂಟೆಂಟ್ಸ್ ಕಾಯ್ದೆಯ ಮೊದಲ ಶೆಡ್ಯೂಲಿನ ಮೊದಲ ಭಾಗದಲ್ಲಿ 6ನೇ ಕ್ಲಾಸ್ ಇದೆ. ಸುತ್ತೋಲೆ, ಜಾಹೀರಾತು, ಖುದ್ದು ಪತ್ರ, ಯಾವ ದಾರಿಯಲ್ಲೂ ಕೆಲಸ ಕೇಳಿಕೊಂಡು ಹೋಗಬಾರದು ಅನ್ನುತ್ತದೆ ಅದು. ಗೊತ್ತಿಲ್ಲದವರಿಗೆ 'ನಿಮ್ಮ ರಿಟರ್ನ್ ನಾವು ಹಾಕಿಕೊಡುತ್ತೇವೆ' ಅಂತ ಮೇಲ್ ಕಳಿಸಿದರೆ ಅದು ಬರೀ ಸ್ಪ್ಯಾಮ್ ಅಲ್ಲ, ವೃತ್ತಿಯ ತಪ್ಪು. ಜಿಲ್ಲೆಯ ವ್ಯಾಪಾರಿಗಳ ಇಮೇಲ್ ಪಟ್ಟಿ ಇದೆ, ಕಮ್ಮಿ ರೇಟಿಗೆ ಕೊಡುತ್ತೇನೆ ಅಂತ ಒಬ್ಬರು ಆಫೀಸಿಗೇ ಬಂದಿದ್ದರು. ಬೇಡ ಅಂದೆ. ಆ ಪಟ್ಟಿಯಲ್ಲಿರುವ ಒಬ್ಬರೂ ನನ್ನ ಪತ್ರ ಕೇಳಿದವರಲ್ಲ. ನಾವು ಶುರು ಮಾಡಿದಾಗ ವೆಬ್‌ಸೈಟಿನ ಬಗ್ಗೆ ಸಿಎಗಳ ಸಂಸ್ಥೆ ಐಸಿಎಐ ಹೇಳುತ್ತಿದ್ದ ಮಾತೂ ಇದೇ ಅರ್ಥದ್ದು: ಹುಡುಕಿಕೊಂಡು ಬಂದವರಿಗೆ ಮಾಹಿತಿ ಸಿಗಲಿ, ನೀವಾಗಿ ತಳ್ಳಬೇಡಿ.

ಹಾಗಾದರೆ ಇಮೇಲ್ ಕೇಳುವುದಾದರೂ ಯಾಕೆ? ಮೊದಲ ಆರು ತಿಂಗಳು ಇದಕ್ಕೆ ನನ್ನ ಹತ್ತಿರ ಸರಿಯಾದ ಉತ್ತರವೇ ಇರಲಿಲ್ಲ. ಎಲ್ಲರೂ ಮಾಡುವ ಹಾಗೆ ಮೊದಲು ಇಮೇಲ್, ಆಮೇಲೆ ಪಿಡಿಎಫ್ ಅಂತ ಇಟ್ಟಿದ್ದೆ. ಐಟಿ ರಿಟರ್ನ್‌ಗೆ ಏನೇನು ಕಾಗದ ಬೇಕು ಅನ್ನುವ ಒಂದು ಪುಟ. ಜನ ಬಂದರು, ಆದರೆ ಅರ್ಧಕ್ಕರ್ಧ ವಿಳಾಸ ಸುಳ್ಳು. ಫಾರ್ಮ್ 16, ಬ್ಯಾಂಕ್ ಸ್ಟೇಟ್‌ಮೆಂಟ್, ಬಡ್ಡಿ ಸರ್ಟಿಫಿಕೇಟ್ ಅಂತ ಬರೆದ ಪಟ್ಟಿಗೆ ಯಾರಾದರೂ ಯಾಕೆ ಇಮೇಲ್ ಕೊಡಬೇಕು? ಒಂದು ಸಲ ಓದಿದರೆ ಮುಗಿಯಿತು. ಆ ಪುಟವನ್ನು ಈಗ ಪ್ರಿಂಟ್ ಹಾಕಿ ಆಫೀಸಿನ ಬಾಗಿಲ ಹತ್ತಿರ ಇಟ್ಟಿದ್ದೇವೆ. ಬೇಕಾದವರು ಎತ್ತಿಕೊಂಡು ಹೋಗುತ್ತಾರೆ. ಹೆಸರೂ ಕೇಳುವುದಿಲ್ಲ.

ಅಲ್ಲಿಂದ ನನಗೆ ಒಂದು ಲೆಕ್ಕ ಸಿಕ್ಕಿತು. ಹಳತಾಗುವ ಚೆಕ್‌ಲಿಸ್ಟ್‌ಗೆ ಮಾತ್ರ ಇಮೇಲ್ ಕೇಳಬೇಕು. ಕಾನೂನು ಬದಲಾದರೆ ಪುಟದ ಒಂದು ಸಾಲು ತಪ್ಪಾಗುತ್ತದೆ. ಆ ಪುಟ ಮಾತ್ರ ಯಾರದೋ ಫೋನಿನಲ್ಲಿ ಹಾಗೇ ಕೂತಿರುತ್ತದೆ. ಅವರಿಗೆ ತಿದ್ದುಪಡಿ ತಲುಪಿಸಬೇಕು. ವಿಳಾಸ ಕೇಳಲು ಇದು ನಿಜವಾದ ಕಾರಣ, ಕೊಡುವವರಿಗೂ ಲಾಭ ಇರುವ ಕಾರಣ.

ಈ ಲೆಕ್ಕದಲ್ಲಿ ಚೆನ್ನಾಗಿ ನಡೆದದ್ದು ಫ್ಲ್ಯಾಟ್ ಅಥವಾ ಸೈಟ್ ಕೊಳ್ಳುವವರಿಗೆ ಮಾಡಿದ ಟಿಡಿಎಸ್ ಚೆಕ್‌ಲಿಸ್ಟ್. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ ಕೊಳ್ಳುವವರು 1% ತೆರಿಗೆ ಹಿಡಿದುಕೊಂಡು ಸರ್ಕಾರಕ್ಕೆ ಕಟ್ಟಬೇಕು. ಸಂಬಳದ ಮೇಲೆ ಬದುಕುವವರು ಜೀವನದಲ್ಲಿ ಒಂದೋ ಎರಡೋ ಸಲ ಮಾಡುವ ಕೆಲಸ ಇದು. ಹಾಗಾಗಿ ಯಾರಿಗೂ ಗೊತ್ತಿರುವುದಿಲ್ಲ. ನಮ್ಮ ಪುಟದಲ್ಲಿ ಏಳೇ ಸಾಲು. ಮಾರುವವರ ಪಾನ್ ಆಧಾರ್‌ಗೆ ಜೋಡಣೆ ಆಗಿದೆಯಾ ನೋಡಿ, ಇಲ್ಲದಿದ್ದರೆ 1% ಅಲ್ಲ, ದರ 20% ತನಕ ಹೋಗಬಹುದು. ಗೈಡೆನ್ಸ್ ವ್ಯಾಲ್ಯೂ ಕ್ರಯದ ಬೆಲೆಗಿಂತ ಜಾಸ್ತಿ ಇದ್ದರೆ ಅದರ ಮೇಲೆ ಲೆಕ್ಕ ಹಾಕಿ. ಮಾರುವವರು ಎನ್‌ಆರ್‌ಐ ಆಗಿದ್ದರೆ ಈ ಪುಟ ಇಲ್ಲಿಗೇ ನಿಲ್ಲಿಸಿ, ಅದರ ನಿಯಮವೇ ಬೇರೆ, ನಿಮ್ಮ ಆಡಿಟರ್‌ನ ಕೇಳಿ. ಹೀಗೆ.

ಈ ಪುಟದ ನಾಲ್ಕನೇ ಸಾಲು 2024ರಲ್ಲಿ ಹಳತಾಯಿತು. ಗಂಡ ಹೆಂಡತಿ ಸೇರಿ ಕೊಂಡು, ಒಬ್ಬೊಬ್ಬರ ಪಾಲು 50 ಲಕ್ಷಕ್ಕಿಂತ ಕಡಿಮೆ ಬಂದರೆ ಟಿಡಿಎಸ್ ಬೇಡ ಅನ್ನುವ ವಾದ ಮೊದಲಿಂದಲೂ ಇತ್ತು. 'ಈ ಬಗ್ಗೆ ಎರಡು ಅಭಿಪ್ರಾಯ ಇದೆ, ಕೇಳಿ ಮುಂದುವರಿಯಿರಿ' ಅಂತ ನಾವು ಬರೆದಿದ್ದೆವು. 2024ರ ಜುಲೈ ಬಜೆಟ್‌ನಲ್ಲಿ ಅದಕ್ಕೆ ತೆರೆ ಬಿತ್ತು. ಅಕ್ಟೋಬರ್ 1ರಿಂದ ಎಲ್ಲರ ಪಾಲೂ ಕೂಡಿಸಿಯೇ 50 ಲಕ್ಷ ನೋಡಬೇಕು. ಸೆಪ್ಟೆಂಬರ್ ಕೊನೆಯಲ್ಲಿ, ತಿದ್ದುಪಡಿ ಕಳಿಸಿ ಅಂತ ಹೇಳಿದ್ದವರಿಗೆಲ್ಲ ಒಂದು ಮೇಲ್ ಹಾಕಿದೆವು. ಹಳೆ ಸಾಲು, ಹೊಸ ಸಾಲು, ಹೊಸ ಪಿಡಿಎಫ್. ಅಷ್ಟೇ ಇತ್ತು ಅದರಲ್ಲಿ.

ನವೆಂಬರ್‌ನಲ್ಲಿ ಒಬ್ಬ ಮೇಷ್ಟ್ರು ಅದಕ್ಕೆ ಉತ್ತರ ಬರೆದರು. ಆಗಸ್ಟ್‌ನಲ್ಲಿ ಪುಟ ತೆಗೆದುಕೊಂಡಿದ್ದವರು. 'ಮೇಡಂ, ನಾನೂ ನಮ್ಮ ಮನೆಯವರೂ ಸೇರಿ 84 ಲಕ್ಷಕ್ಕೆ ಫ್ಲ್ಯಾಟ್ ತಗೊಳ್ತಾ ಇದ್ದೀವಿ. ಗುರುವಾರ ರಿಜಿಸ್ಟ್ರೇಷನ್. ಒಬ್ಬೊಬ್ಬರಿಗೆ 42 ಲಕ್ಷ ಆಗುತ್ತೆ, ಟಿಡಿಎಸ್ ಏನೂ ಬೇಡ ಅಂತ ಬ್ರೋಕರ್ ಹೇಳ್ತಿದಾರೆ. ನಿಮ್ಮ ಮೇಲ್‌ನಲ್ಲಿ ಬೇರೆ ಥರ ಇದೆಯಲ್ಲ?' ಪೂರ್ತಿ ದುಡ್ಡು ಅವತ್ತೇ ಕೊಡುವ ಮಾತಾಗಿತ್ತು. ಗೈಡೆನ್ಸ್ ವ್ಯಾಲ್ಯೂ ಕೂಡ ಬೆಲೆಗಿಂತ ಕಡಿಮೆಯೇ ಇತ್ತು. ಹಾಗಾಗಿ 84 ಲಕ್ಷಕ್ಕೆ 1% ಅಂದರೆ 84,000. ಅದನ್ನು ಹಿಡಿದುಕೊಂಡು ಮಾರುವವರಿಗೆ 83,16,000 ಕೊಡಬೇಕು. ಕೊಳ್ಳುವವರು ಇಬ್ಬರು, ಮಾರುವವರು ಒಬ್ಬರು, ಆದ್ದರಿಂದ ಆಗಿನ ಫಾರ್ಮ್ 26ಕ್ಯೂಬಿ ಎರಡು ತುಂಬಬೇಕಿತ್ತು, ಒಂದೊಂದರಲ್ಲಿ 42,000. ನವೆಂಬರ್‌ನಲ್ಲಿ ಹಿಡಿದ ದುಡ್ಡಿಗೆ ಡಿಸೆಂಬರ್ 30 ಕೊನೆ ದಿನ. ತಪ್ಪಿದರೆ ಒಂದೊಂದು ಫಾರ್ಮ್‌ಗೂ ದಿನಕ್ಕೆ 200 ರೂಪಾಯಿ ಲೇಟ್ ಫೀ, ಬಡ್ಡಿ ಬೇರೆ. ಪೂರ್ತಿ ದುಡ್ಡು ಕೊಟ್ಟ ಮೇಲೆ ಗೊತ್ತಾಗಿದ್ದರೆ ಆ 84,000ಕ್ಕೆ ಮಾರಿದವರ ಹಿಂದೆ ಅಲೆಯಬೇಕಿತ್ತು.

ಆ ಕೆಲಸ ಅವರು ತಮ್ಮ ಊರಿನ ಆಡಿಟರ್ ಹತ್ತಿರವೇ ಮಾಡಿಸಿಕೊಂಡರು. ಮಾಡಿಸಿಕೊಂಡೆವು ಅಂತ ಇನ್ನೊಂದು ಮೇಲ್ ಹಾಕಿದರು. ನನಗೆ ಅದು ತುಂಬ ಸಂತೋಷ ಕೊಟ್ಟಿತು. ಪತ್ರದಲ್ಲಿ 'ನಮ್ಮ ಆಫೀಸಿಗೆ ಬನ್ನಿ' ಅಂತ ಒಂದು ಸಾಲೂ ಇರಲಿಲ್ಲ, ಇರಬಾರದು ಕೂಡ.

ಈಗ ಫಾರ್ಮ್ ಕಟ್ಟಿದ ರೀತಿ. ಪಿಡಿಎಫ್‌ನ ಲಿಂಕ್ ಎಲ್ಲಕ್ಕಿಂತ ಮೇಲೆ, ವಿವರಣೆಯ ಜಾಗದಲ್ಲೇ ಇದೆ. ಏನೂ ತುಂಬದೆ ತೆಗೆದುಕೊಂಡು ಹೋಗಬಹುದು. ಕೆಳಗೆ ಇಮೇಲ್‌ಗೆ ಒಂದು ಜಾಗ. ಸೆಟ್ಟಿಂಗ್ಸ್‌ನಲ್ಲಿ Collect email addresses ಅಂತ ಒಂದು ಆಯ್ಕೆ ಇದೆ, ಅದನ್ನು ಹಾಕಬೇಡಿ. ಹಾಕಿದರೆ ಇಮೇಲ್ ಕೊಡದೆ ಫಾರ್ಮ್ ಕಳಿಸಲು ಆಗುವುದಿಲ್ಲ. ನಾವು ಸಾಮಾನ್ಯ ಪ್ರಶ್ನೆಯಾಗಿ ಇಟ್ಟು, Required ಆಫ್ ಮಾಡಿ, Response validation ಮೂಲಕ ಇಮೇಲ್ ರೂಪದಲ್ಲಿದೆಯಾ ಅಂತ ಮಾತ್ರ ನೋಡುತ್ತೇವೆ. ಅದರ ಕೆಳಗೆ ಎರಡು ಚೌಕ, ಎರಡೂ ಖಾಲಿ:

'ಈ ಚೆಕ್‌ಲಿಸ್ಟ್‌ನ ಯಾವುದಾದರೂ ಸಾಲು ಬದಲಾದರೆ ಮಾತ್ರ ತಿಳಿಸಿ.'

'ವರ್ಷಕ್ಕೆ ನಾಲ್ಕು ಸಲ ತೆರಿಗೆಯ ಕೊನೆ ದಿನಗಳನ್ನು ನೆನಪಿಸಿ.'

ಇವೆರಡನ್ನು ಒಂದೇ ಮಾಡಬಾರದು. ಮೊದಲನೆಯದಕ್ಕೆ ಟಿಕ್ ಹಾಕಿದವರಿಗೆ ಎರಡನೆಯ ಪತ್ರ ಕಳಿಸಿದರೆ ಅದು ಮೋಸವೇ. 2023ರ ಡಿಜಿಟಲ್ ವೈಯಕ್ತಿಕ ಡೇಟಾ ರಕ್ಷಣೆ ಕಾಯ್ದೆ ಕೇಳುವುದೂ ಇದನ್ನೇ. ಒಪ್ಪಿಗೆ ಯಾವುದಕ್ಕೆ ಅಂತ ಸ್ಪಷ್ಟ ಇರಬೇಕು, ಷರತ್ತು ಹಾಕಿ ಪಡೆಯಬಾರದು, ಕೊಟ್ಟಷ್ಟೇ ಸುಲಭವಾಗಿ ವಾಪಸ್ ತೆಗೆದುಕೊಳ್ಳುವ ಹಾಗಿರಬೇಕು. ಗೂಗಲ್ ಫಾರ್ಮ್ಸ್‌ನ ಒಂದು ಒಳ್ಳೆ ಗುಣ ಇಲ್ಲಿ ಕೆಲಸಕ್ಕೆ ಬರುತ್ತದೆ. ಶೀಟ್‌ನಲ್ಲಿ ಪ್ರತಿ ಸಾಲಿಗೂ ತಾರೀಖು, ಗಂಟೆ, ನಿಮಿಷ ತಾನಾಗಿ ಬೀಳುತ್ತದೆ. ಯಾರು, ಯಾವತ್ತು, ಯಾವ ಚೌಕಕ್ಕೆ ಟಿಕ್ ಹಾಕಿದರು ಅನ್ನುವುದು ಒಂದೇ ಸಾಲಿನಲ್ಲಿ ಸಿಗುತ್ತದೆ.

ಮೊದಲು 'ನಿಮ್ಮ ಪ್ರಶ್ನೆ ಇದ್ದರೆ ಬರೆಯಿರಿ' ಅಂತ ದೊಡ್ಡ ಜಾಗವನ್ನೂ ಕೊಟ್ಟಿದ್ದೆ. ಜನ ಅದರಲ್ಲಿ ಪಾನ್ ನಂಬರ್ ಬರೆದರು, ಆಧಾರ್ ಬರೆದರು. ಒಬ್ಬರು ಐಟಿ ಪೋರ್ಟಲ್‌ನ ಪಾಸ್‌ವರ್ಡ್ ಸಮೇತ ಬರೆದುಬಿಟ್ಟರು. ಅವತ್ತೇ ಅವರಿಗೆ ಪಾಸ್‌ವರ್ಡ್ ಬದಲಾಯಿಸಿ ಅಂತ ಮೇಲ್ ಹಾಕಿ, ಶೀಟ್‌ನಿಂದ ಅಳಿಸಿ, ಆ ಜಾಗವನ್ನೇ ತೆಗೆದೆವು. ಸಿಎ ಹೆಸರು ಕಂಡರೆ ಜನ ನಂಬಿ ಎಲ್ಲ ಕೊಟ್ಟುಬಿಡುತ್ತಾರೆ. ಹಾಗಾಗಿ ನಾವೇ ಕಮ್ಮಿ ಕೇಳಬೇಕು. ಫೋನ್ ನಂಬರ್ ಕೂಡ ಕೇಳುವುದಿಲ್ಲ.

ಕಡಿಮೆಯಾದ ಸ್ಟಾರ್‌ನ ವಿಷಯಕ್ಕೆ ಬರುತ್ತೇನೆ. ಈ ಫಾರ್ಮ್ ವಿಳಾಸ ಕೂಡಿಸುತ್ತದೆ, ಪಟ್ಟಿ ನೋಡಿಕೊಳ್ಳುವ ಕೆಲಸ ಪೂರ್ತಿ ನಮ್ಮದು. gmial ಅಂತ ತಪ್ಪಾಗಿ ಬರೆದರೂ ಒಳಗೆ ಬಿಡುತ್ತದೆ. ಅದಕ್ಕೆ ನಾವು ಟಿಕ್ ಹಾಕಿದ ದಿನವೇ ಎರಡು ಸಾಲಿನ ಮೇಲ್ ಹಾಕುತ್ತೇವೆ: ನಿಮ್ಮ ವಿಳಾಸ ಬಂದಿದೆ, ಬೇಡವಾದರೆ 'ಬೇಡ' ಅಂತ ಉತ್ತರಿಸಿ. ವಾಪಸ್ ಬಂದ ವಿಳಾಸ ಅಳಿಸುತ್ತೇವೆ. 'ಬೇಡ' ಅಂದವರನ್ನು ತೆಗೆಯುವುದೂ ಕೈಯಾರೆ ಮಾಡಬೇಕು. ಪ್ರತಿ ಸೋಮವಾರ ಬೆಳಗ್ಗೆ ಅದು ಅಕೌಂಟೆಂಟ್ ಕೆಲಸ. ಇನ್ನೂರು ಮುನ್ನೂರು ವಿಳಾಸದ ತನಕ ಹೀಗೆ ನಡೆಯುತ್ತದೆ. ಅದಕ್ಕಿಂತ ಜಾಸ್ತಿಯಾದರೆ, ಪ್ರತಿ ಪತ್ರದ ಕೆಳಗೆ ಹೊರಬರುವ ಲಿಂಕ್ ತಾನಾಗಿ ಹಾಕುವ ಮೇಲ್ ಸೇವೆ ಬೇಕೇ ಬೇಕು. ಉಚಿತ ಜಿಮೇಲ್‌ನಲ್ಲಿ ದಿನಕ್ಕೆ 500 ಜನರ ಮಿತಿಯೂ ಇದೆ.

ಮೊದಲ ವರ್ಷ ನಮ್ಮಿಂದ ಒಂದು ದೊಡ್ಡ ತಪ್ಪಾಯಿತು. ಆರ್ಟಿಕಲ್ಸ್ ಹುಡುಗ ಎಲ್ಲ ವಿಳಾಸಗಳನ್ನೂ Bcc ಬದಲು To ಜಾಗದಲ್ಲಿ ಹಾಕಿ ಕಳಿಸಿದ. ಯಾರು ಆಸ್ತಿ ಕೊಳ್ಳಲು ಹೊರಟಿದ್ದಾರೆ ಅಂತ ಎಲ್ಲರಿಗೂ ಎಲ್ಲರದೂ ಕಂಡಿತು. ಕಲಿಯುವ ಹುಡುಗ, ನಾನು ನೋಡಿ ಕಳಿಸಬೇಕಿತ್ತು. ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಕ್ಷಮೆ ಕೇಳಿ ಬರೆದೆ. ಆ ಮೇಲ್ ಅಳಿಸಿ ಅಂತ ಕೇಳಿಕೊಂಡೆ. ಹನ್ನೊಂದು ಜನ ಪಟ್ಟಿಯಿಂದ ಹೊರಗೆ ಹೋದರು. ಅವತ್ತಿನಿಂದ ಕಳಿಸುವ ಬಟನ್ ನಾನೇ ಒತ್ತುವುದು.

ಜಿಎಸ್‌ಟಿ ಕಟ್ಟುವ ಸಣ್ಣ ಅಂಗಡಿಯವರಿಗೆ ತಾರೀಖುಗಳ ಪುಟವನ್ನೂ ಮಾಡಿದ್ದೇವೆ. ಅದೂ ಪರವಾಗಿಲ್ಲ, ಓಡುತ್ತಿದೆ. ಆದರೆ ಅಂಗಡಿಯವರು ಇಮೇಲ್ ನೋಡುವುದು ಕಮ್ಮಿ. ಅವರಿಗೆ ಗೋಡೆಗೆ ಅಂಟಿಸುವ ಪ್ರಿಂಟೇ ಸರಿ. 'ತೆರಿಗೆ ಉಳಿಸುವ ಹತ್ತು ದಾರಿ' ಥರದ್ದನ್ನು ಮಾತ್ರ ಮಾಡಬೇಡಿ. ಓದಿದವರು ತಮ್ಮ ಪರಿಸ್ಥಿತಿಗೆ ಹೊಂದುತ್ತದೋ ಇಲ್ಲವೋ ನೋಡದೆ ಹಾಗೇ ಮಾಡಿಬಿಡುತ್ತಾರೆ.

ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಗೆ ಬಂದದ್ದರಿಂದ ನಮ್ಮ ಪುಟದಲ್ಲಿದ್ದ ಸೆಕ್ಷನ್ ನಂಬರ್‌ಗಳೆಲ್ಲ ಹಳತಾದವು. ಅದಕ್ಕಾಗಿ ಏಳೂ ಸಾಲುಗಳನ್ನು ಮತ್ತೆ ಬರೆದು, ಪುಟದ ಮೇಲೆ 'ಈ ತಾರೀಖಿನವರೆಗೆ ಸರಿಯಿದೆ' ಅಂತ ದಪ್ಪ ಅಕ್ಷರದಲ್ಲಿ ಹಾಕಿದ್ದೇವೆ. ಮೊದಲ ಚೌಕಕ್ಕೆ ಟಿಕ್ ಹಾಕಿದವರಿಗೆ ಮಾತ್ರ ಅದು ಹೋಗುತ್ತದೆ.